ವಾರಂಟಿ ಒಳಗೇ ಮತ್ತೆ ಮತ್ತೆ ಕೆಡುವ ಲ್ಯಾಪ್‌ಟಾಪ್: ಸರ್ವಿಸ್ ಸೆಂಟರ್‌ಗೆ ದೂರಿನ ಪತ್ರ ಹೇಗಿರಬೇಕು?

ಶೈಲಜಾ, ಹಾಸನ (ಪ್ರಶ್ನೆ): ಮಗನ ಓದಿಗೆ ಅಂತ ಕಳೆದ ನವೆಂಬರ್‌ನಲ್ಲಿ 58,000 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ತಗೊಂಡೆವು. ಕೆಲಸ ಮಾಡ್ತಿರುವಾಗಲೇ ದಿಢೀರ್ ಅಂತ ಆಫ್ ಆಗುತ್ತದೆ. ಮೈಸೂರಿನ ಸರ್ವಿಸ್ ಸೆಂಟರ್‌ನವರು ಮೊದಲ ಸಲ ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟರು. ಆಮೇಲೆ ಮದರ್‌ಬೋರ್ಡ್ ಬದಲಿಸಿದರು. ಹೋದ ತಿಂಗಳು ಬ್ಯಾಟರಿ. ಈಗ ಮತ್ತೆ ಅದೇ ಕತೆ. ಬರುವ ತಿಂಗಳು ವಾರಂಟಿ ಮುಗಿಯುತ್ತದೆ. ಪತ್ರ ಬರೆದಿಟ್ಟಿದ್ದೇನೆ: "ನಿಮ್ಮ ಸೇವೆ ತೀರಾ ಕಳಪೆ, ಇದು ತಯಾರಿಕೆಯ ದೋಷವಿರುವ ಮಾಲು, ನಮಗೆ ಬಹಳ ತೊಂದರೆಯಾಗಿದೆ, ಕೂಡಲೇ ಕ್ರಮ ಕೈಗೊಳ್ಳಿ." ಇಷ್ಟು ಸಾಕಾ?

ವೆಂಕಟೇಶ್ (ಹಿಂದೆ ಸರ್ವಿಸ್ ಸೆಂಟರ್ ಮ್ಯಾನೇಜರ್, ಈಗ ಗ್ರಾಹಕರ ದೂರುಗಳಿಗೆ ನೆರವಾಗುವವರು): ಸಾಲದು ಮೇಡಂ. ಇಂಥ ಪತ್ರ ನಮ್ಮ ಟೇಬಲ್‌ಗೆ ಬಂದರೆ ಏನು ಮಾಡ್ತಿದ್ವಿ ಗೊತ್ತಾ? "ದಯವಿಟ್ಟು ಲ್ಯಾಪ್‌ಟಾಪ್ ತಂದುಕೊಡಿ, ಪರಿಶೀಲಿಸುತ್ತೇವೆ" ಅಂತ ಒಂದು ಸಾಲಿನ ಉತ್ತರ. ಅಲ್ಲಿಗೆ ನಾಲ್ಕನೇ ಜಾಬ್ ಶೀಟ್ ತೆರೆಯುತ್ತಿತ್ತು. ನಿಮಗೆ ಬೇಕಿರುವುದು ಇನ್ನೊಂದು ರಿಪೇರಿ ಅಲ್ಲ, ಅಲ್ವಾ?

ಮೊದಲು ಮೂರೂ ಜಾಬ್ ಶೀಟ್ ಎದುರಿಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ ತರಿಸಿಕೊಳ್ಳಿ. ಅವರ ದಾಖಲೆಯಲ್ಲಿ ಇವು ಮೂರು ಬೇರೆ ಬೇರೆ ಸಮಸ್ಯೆಗಳು: ಸಾಫ್ಟ್‌ವೇರ್, ಬೋರ್ಡ್, ಬ್ಯಾಟರಿ. ಮೂರೂ "ಬಗೆಹರಿದಿದೆ" ಅಂತ ಮುಚ್ಚಿವೆ. ನಿಮ್ಮ ಪಾಲಿಗೆ ಅದು ಒಂದೇ ಸಮಸ್ಯೆ, ಒಂದು ಸಲವೂ ಬಗೆಹರಿದಿಲ್ಲ. ಪತ್ರದ ಕೆಲಸ ಇಷ್ಟೇ: ಆ ಮೂರು ಶೀಟುಗಳನ್ನು ಒಂದೇ ದೋಷದ ದಾರಕ್ಕೆ ಪೋಣಿಸುವುದು.

"ತಯಾರಿಕೆಯ ದೋಷ" ಅನ್ನುವ ಮಾತು ಸದ್ಯಕ್ಕೆ ಬೇಡ. ಅದನ್ನು ಹೇಳಿದಿರೋ, ಸಾಬೀತು ಮಾಡಿ ಅಂತಾರೆ. ಗ್ರಾಹಕ ಆಯೋಗದವರೆಗೆ ಹೋದಾಗ ತಜ್ಞರ ವರದಿ ಇಲ್ಲ ಅನ್ನುವ ಕಾರಣಕ್ಕೇ ಬಿದ್ದುಹೋದ ದೂರುಗಳಿವೆ. "ವಾರಂಟಿಯಲ್ಲಿ ಮೂರು ಸಲ ಕೊಟ್ಟೆ, ಅದೇ ದೋಷ ಹೋಗಿಲ್ಲ" ಅನ್ನಿ. ಅದಕ್ಕೆ ಸಾಕ್ಷಿ ಅವರದೇ ಜಾಬ್ ಶೀಟು.

ಇನ್ನೊಂದು. ಸರ್ವಿಸ್ ಸೆಂಟರ್ ಅನ್ನುವುದು ಹೆಚ್ಚಿನ ಕಡೆ ಫ್ರಾಂಚೈಸಿ. ಬಿಡಿಭಾಗ ಬದಲಿಸಬಹುದು, ಹೊಸ ಲ್ಯಾಪ್‌ಟಾಪ್ ಕೊಡುವ ಅಧಿಕಾರ ಅವರಿಗಿಲ್ಲ. ಅದನ್ನು ತೀರ್ಮಾನಿಸುವುದು ಕಂಪನಿ. ಹಾಗಾಗಿ ಪತ್ರ ಸರ್ವಿಸ್ ಸೆಂಟರ್‌ಗೆ, ಅದರ ನಕಲು ಕಂಪನಿಗೆ ಮತ್ತು ಮಾರಿದ ಅಂಗಡಿಗೆ. ಹೀಗೆ ಬರೆಯಿರಿ, ದಿನಾಂಕಗಳನ್ನು ನಿಮ್ಮ ಶೀಟು ನೋಡಿ ತುಂಬಿಕೊಳ್ಳಿ:

> ಇವರಿಗೆ: ವ್ಯವಸ್ಥಾಪಕರು, ಅಧಿಕೃತ ಸರ್ವಿಸ್ ಸೆಂಟರ್, ಮೈಸೂರು
> ಪ್ರತಿ: ಕಂಪನಿಯ ಗ್ರಾಹಕ ದೂರು ವಿಭಾಗ, ಮಾರಾಟ ಮಾಡಿದ ಅಂಗಡಿ
>
> ವಿಷಯ: ವಾರಂಟಿಯಲ್ಲಿ ಮೂರು ಸಲ ರಿಪೇರಿಯಾದರೂ ಅದೇ ದೋಷ ಉಳಿದಿರುವುದರಿಂದ ಬದಲಿ ಲ್ಯಾಪ್‌ಟಾಪ್ ಕೋರಿ
>
> ಮಾನ್ಯರೇ,
> ದಿನಾಂಕ … ರಂದು, ಬಿಲ್ ಸಂಖ್ಯೆ … ರ ಮೂಲಕ 58,000 ರೂ.ಗೆ ಈ ಲ್ಯಾಪ್‌ಟಾಪ್ ಕೊಂಡಿದ್ದೇನೆ. ಮಾದರಿ …, ಸೀರಿಯಲ್ ಸಂಖ್ಯೆ …. ವಾರಂಟಿ … ರವರೆಗೆ ಇದೆ.
>
> ದೋಷ ಒಂದೇ: ಬಳಸುತ್ತಿರುವಾಗ ಯಾವ ಸೂಚನೆಯೂ ಇಲ್ಲದೆ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ಹಾಕಿದ್ದರೂ, ಹಾಕದಿದ್ದರೂ ಆಗುತ್ತದೆ.
>
> ಜಾಬ್ ಶೀಟ್ …, ದಿನಾಂಕ …: ವಿಂಡೋಸ್ ಮರುಸ್ಥಾಪನೆ. ದೋಷ ಮರುಕಳಿಸಿತು.
> ಜಾಬ್ ಶೀಟ್ …, ದಿನಾಂಕ …: ಮದರ್‌ಬೋರ್ಡ್ ಬದಲಾವಣೆ. ದೋಷ ಮರುಕಳಿಸಿತು.
> ಜಾಬ್ ಶೀಟ್ …, ದಿನಾಂಕ …: ಬ್ಯಾಟರಿ ಬದಲಾವಣೆ. ದೋಷ ಮರುಕಳಿಸಿತು, ಆನಂತರ ಆಫ್ ಆದ ದಿನ, ಸಮಯದ ಪಟ್ಟಿ ಲಗತ್ತಿಸಿದೆ.
>
> ಮೂರು ರಿಪೇರಿಯ ನಂತರವೂ ದೋಷ ಹೋಗದ ಕಾರಣ ಅದೇ ಅಥವಾ ಅದಕ್ಕೆ ಸಮನಾದ ಮಾದರಿಯ ಹೊಸ ಲ್ಯಾಪ್‌ಟಾಪ್ ಕೊಡಬೇಕು, ಇಲ್ಲವೇ ಕೊಟ್ಟ ಬೆಲೆ ಹಿಂದಿರುಗಿಸಬೇಕು. ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಈ ದೂರು ವಾರಂಟಿ ಅವಧಿಯಲ್ಲೇ ಸಲ್ಲಿಕೆಯಾಗಿರುವುದನ್ನು ದಾಖಲಿಸಿಕೊಳ್ಳಿ. ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ದೂರು ಸಲ್ಲಿಸುತ್ತೇನೆ.
>
> ಲಗತ್ತು: ಬಿಲ್, ವಾರಂಟಿ ಕಾರ್ಡ್, ಮೂರು ಜಾಬ್ ಶೀಟುಗಳ ಪ್ರತಿ, ಆಫ್ ಆದ ಸಮಯದ ಪಟ್ಟಿ.

ಮಗನ ಪರೀಕ್ಷೆ, ನಿಮಗಾದ ಅಲೆದಾಟ ಇದರಲ್ಲಿ ಬೇಡ. ಅವು ಮುಂದೆ ಪರಿಹಾರ ಕೇಳುವಾಗ ಬರಲಿ. ಪತ್ರ ಒಂದು ಪುಟ ದಾಟಿದರೆ ಓದುವವರು ಕೊನೆಯ ಪ್ಯಾರಾ ಬಿಟ್ಟುಬಿಡುತ್ತಾರೆ, ನಿಮ್ಮ ಬೇಡಿಕೆ ಇರುವುದೇ ಅಲ್ಲಿ.

ಮಂಜುನಾಥ್: ಇಷ್ಟೆಲ್ಲ ಯಾಕೆ ಸರ್? ಮೂರು ಸಲ ರಿಪೇರಿಯಾದರೆ ಹೊಸದು ಕೊಡಲೇಬೇಕು ಅಂತ ಕಾನೂನೇ ಇದೆ. ಅದನ್ನು ಬರೆದರೆ ಮುಗೀತು.

ವೆಂಕಟೇಶ್: ಮೂರು ಅನ್ನುವ ಲೆಕ್ಕ ಕಾಯ್ದೆಯಲ್ಲಿ ಇಲ್ಲ ಮಂಜುನಾಥ್. ಕೆಲವು ಕಂಪನಿಗಳು ಒಳಗೊಳಗೆ ಅಂಥದ್ದೊಂದು ನಿಯಮ ಇಟ್ಟುಕೊಂಡಿರುತ್ತವೆ, ಅದು ಬಾಯಿಂದ ಬಾಯಿಗೆ ಹರಡಿ ಕಾನೂನು ಆಗಿಬಿಟ್ಟಿದೆ. ದೋಷ ಸರಿಪಡಿಸಿ, ಬದಲಿ ಕೊಡಿ, ಹಣ ಹಿಂದಿರುಗಿಸಿ ಅಂತ ಆದೇಶ ಮಾಡುವ ಅಧಿಕಾರ ಆಯೋಗಕ್ಕಿದೆ, ಅದು ನಿಜ. ಆದರೆ ಇಲ್ಲದ ನಿಯಮವನ್ನು ಪತ್ರದಲ್ಲಿ ಬರೆದರೆ ಅವರ ವಕೀಲರು ಮೊದಲು ಹಿಡಿಯುವುದೇ ಅದನ್ನು.

ನವೀನ್ (ಐಟಿ ಸಪೋರ್ಟ್): ಆ "ಸಮಯದ ಪಟ್ಟಿ" ಕೈಯಲ್ಲಿ ಬರೆಯಬೇಡಿ ಅಕ್ಕಾ, ವಿಂಡೋಸೇ ಬರೆದಿಟ್ಟಿರುತ್ತದೆ. ಪವರ್‌ಶೆಲ್ ತೆರೆದು ಇದನ್ನು ಹಾಕಿ:

```
Get-WinEvent -FilterHashtable @{LogName='System'; ProviderName='Microsoft-Windows-Kernel-Power'; Id=41} | Select-Object TimeCreated
```

ಸರಿಯಾಗಿ ಶಟ್‌ಡೌನ್ ಆಗದೆ ನಿಂತ ಪ್ರತಿ ಸಲಕ್ಕೂ ಒಂದು ಸಾಲು ಬರುತ್ತದೆ. ಇದು ಮತ್ತೆ ಆನ್ ಆದ ಸಮಯ, ಆಫ್ ಆದದ್ದು ಅದಕ್ಕೆ ಮುಂಚೆ. ಇವೆಂಟ್ ವ್ಯೂವರ್‌ನಲ್ಲಿ ಅದೇ ಸಾಲಿನ ವಿವರ ತೆರೆದು ನೋಡಿ. `BugcheckCode` ಮತ್ತು `PowerButtonTimestamp` ಎರಡೂ 0 ಇದ್ದರೆ ನೀಲಿ ಪರದೆಯೂ ದಾಖಲಾಗಿಲ್ಲ, ಯಾರೋ ಪವರ್ ಬಟನ್ ಒತ್ತಿ ಹಿಡಿದದ್ದೂ ದಾಖಲಾಗಿಲ್ಲ ಅಂತ. ಕರೆಂಟೇ ಕಡಿದ ಹಾಗೆ ನಿಂತಿದೆ ಅಥವಾ ಯಂತ್ರ ಪೂರ್ತಿ ಸ್ತಬ್ಧವಾಗಿದೆ. ಯಾವ ಭಾಗ ಕೆಟ್ಟಿದೆ ಅಂತ ಇದು ಹೇಳುವುದಿಲ್ಲ. ಆದರೆ "ವೈರಸ್ ಇರಬೇಕು, ವಿಂಡೋಸ್ ಮತ್ತೆ ಹಾಕೋಣ" ಅನ್ನುವ ಮಾತಿಗೆ ಒಳ್ಳೆಯ ಉತ್ತರ.

ಇದನ್ನು ಲ್ಯಾಪ್‌ಟಾಪ್ ಕೊಡುವ ಮುಂಚೆಯೇ ಸೇವ್ ಮಾಡಿ ಬೇರೆ ಕಡೆ ಇಡಿ. ಅವರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೆ ಪಟ್ಟಿಯೂ ಹೋಯಿತು. ನಿಮ್ಮ ಮೊದಲ ಸಲದ ದಾಖಲೆ ಹೋಗಿರುವುದು ಹಾಗೇ.

ಬೋರ್ಡ್ ಬದಲಿಸಿದ್ದಾರೆ ಅಂದಿರಲ್ಲ, ಇದನ್ನೂ ಒಮ್ಮೆ ನೋಡಿಬಿಡಿ:

```
Get-CimInstance Win32_BIOS | Select-Object SerialNumber
```

ಇಲ್ಲಿ ಬರುವ ಸಂಖ್ಯೆ ಲ್ಯಾಪ್‌ಟಾಪ್ ಹಿಂಭಾಗದ ಸ್ಟಿಕ್ಕರ್‌ನಲ್ಲಿ ಇರುವುದೇ ಆಗಿರಬೇಕು. ಹೊಸ ಬೋರ್ಡಿಗೆ ಹಳೆಯ ಸಂಖ್ಯೆ ತುಂಬುವುದನ್ನು ಕೆಲವೊಮ್ಮೆ ಮರೆಯುತ್ತಾರೆ. ಖಾಲಿ ಅಥವಾ ಬೇರೆ ಸಂಖ್ಯೆ ಇದ್ದರೆ ಮುಂದೆ ವಾರಂಟಿ ಹುಡುಕುವಾಗ ತಕರಾರು ಬರುತ್ತದೆ.

ರೇಷ್ಮಾ: ನನ್ನದೂ ಇದೇ ಪರಿಸ್ಥಿತಿ. ಕೀಬೋರ್ಡ್ ಮೇಲೆ ಸ್ವಲ್ಪ ಚಹಾ ಬಿದ್ದಿತ್ತು. ವಾರಂಟಿ ಇದ್ದರೂ 19,000 ಕೇಳ್ತಿದ್ದಾರೆ. ಇದೇ ಪತ್ರ ಕೊಡಬಹುದಾ?

ವೆಂಕಟೇಶ್: ಇದೇ ಪರಿಸ್ಥಿತಿ ಅಲ್ಲ ತಂಗಿ. ದ್ರವ ಬಿದ್ದದ್ದನ್ನು ಸಾಮಾನ್ಯ ವಾರಂಟಿ ಒಳಗೊಳ್ಳುವುದಿಲ್ಲ. ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ತಗೊಂಡಿದ್ದೀರಾ ಅಂತ ಬಿಲ್ ನೋಡಿ. ಜಾಬ್ ಶೀಟಿನಲ್ಲಿ "ಸಿಐಡಿ" ಅಂತ ಬರೆದಿರುತ್ತಾರೆ. ಪೊಲೀಸರಲ್ಲ, ಗ್ರಾಹಕರ ಕೈಯಿಂದಲೇ ಆದ ಹಾನಿ ಅಂತ. ಶೈಲಜಾ ಮೇಡಂ, ನಿಮ್ಮ ಶೀಟುಗಳಲ್ಲಿ ಎಲ್ಲಾದರೂ ಆ ಅಕ್ಷರ ಇದೆಯಾ ನೋಡಿಕೊಳ್ಳಿ. ಇದ್ದರೆ ಪತ್ರದಲ್ಲೇ ಅದನ್ನು ಒಪ್ಪುವುದಿಲ್ಲ ಅಂತ ಬರೆಯಬೇಕು.

ಮಂಜುನಾಥ್: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತೋರಿಸಿ, ಬೋರ್ಡ್ ಕೆಟ್ಟಿದೆ ಅಂತ ಬರೆಸಿಕೊಂಡು ಬಂದರೆ ತಜ್ಞರ ವರದಿ ಆಗಲ್ವಾ?

ವೆಂಕಟೇಶ್: ಈಗ ಬೇಡವೇ ಬೇಡ. ಹೊರಗಿನವರು ಬಿಚ್ಚಿದ್ದಾರೆ ಅಂತ ಗೊತ್ತಾದರೆ ಅದನ್ನೇ ನೆಪ ಮಾಡಿಕೊಂಡು ವಾರಂಟಿ ನಿರಾಕರಿಸುತ್ತಾರೆ. ದೂರು ಆಯೋಗಕ್ಕೆ ಹೋಗಿ ಪರೀಕ್ಷೆ ಬೇಕೆನಿಸಿದರೆ ಪ್ರಯೋಗಾಲಯಕ್ಕೆ ಕಳಿಸಲು ಕಾಯ್ದೆಯಲ್ಲೇ ದಾರಿಯಿದೆ.

ಶೈಲಜಾ: ಪಟ್ಟಿ ಬಂತು. ಬ್ಯಾಟರಿ ಬದಲಿಸಿದ ಮೇಲೂ ಬೇಕಾದಷ್ಟು ಸಾಲುಗಳಿವೆ, ನೋಡಿದ್ದೆಲ್ಲ 0. ಸೀರಿಯಲ್ ಸಂಖ್ಯೆ ಸರಿಯಾಗಿದೆ. ಸಿಐಡಿ ಎಲ್ಲೂ ಇಲ್ಲ. ಪತ್ರ ಕೊಟ್ಟರೆ ಸೀಲ್ ಹಾಕಲು ಒಪ್ಪಲಿಲ್ಲ, "ಹೆಡ್ ಆಫೀಸಿಗೆ ಕಳಿಸಿ" ಅಂದರು. ಫೋನಿನಲ್ಲಿ ಮಾತ್ರ "ರಿಫರ್ಬಿಷ್ಡ್ ಕೊಡಬಹುದು, ಕೇಳಿ ನೋಡ್ತೀವಿ" ಅಂತಾರೆ. ತಗೊಳ್ಳಲಾ?

ನವೀನ್: ನಾನಾದರೆ ತಗೊಳ್ತೀನಿ. ಕಂಪನಿಯೇ ಪರೀಕ್ಷಿಸಿದ ಯಂತ್ರ, ಮಗನಿಗೆ ಕೆಲಸಕ್ಕೆ ಬೇಕು. ಆಯೋಗಕ್ಕೆ ಹೋದರೆ ಎಷ್ಟು ಕಾಲ ಹಿಡಿಯುತ್ತೋ.

ವೆಂಕಟೇಶ್: ನಾನು ಅಷ್ಟು ಬೇಗ ಒಪ್ಪುವುದಿಲ್ಲ. ನೀವು ಹೊಸದರ ಬೆಲೆ ಕೊಟ್ಟಿದ್ದೀರಿ. ಆದರೆ ಎಷ್ಟೋ ಕಂಪನಿಗಳ ವಾರಂಟಿ ಷರತ್ತಿನಲ್ಲಿ ರಿಫರ್ಬಿಷ್ಡ್ ಕೊಡಬಹುದು ಅಂತ ಇರುತ್ತದೆ, ನಿಮ್ಮ ಕಾರ್ಡಿನಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ. ಯಾವುದಕ್ಕೂ ಆ ಮಾತು ಇಮೇಲ್‌ನಲ್ಲಿ ಬರಲಿ. ಕೊಡುವ ಯಂತ್ರಕ್ಕೆ ವಾರಂಟಿ ಎಷ್ಟು ಅನ್ನುವುದೂ ಅದರಲ್ಲಿರಲಿ. ಹಳೆಯದರ ಉಳಿದ ದಿನಗಳಷ್ಟೇ ಅಂದರೆ ಮುಂದಿನ ತಿಂಗಳೇ ಮುಗಿದುಹೋಗುತ್ತದೆ.

ಸೀಲ್ ಹಾಕದಿದ್ದರೆ ಚಿಂತೆಯಿಲ್ಲ. ಅದೇ ಪತ್ರವನ್ನು ಮೂವರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ತಲುಪಿದ ವಿವರ ವೆಬ್‌ಸೈಟಿನಲ್ಲಿ ಬರುತ್ತದೆ, ಪ್ರಿಂಟ್ ತೆಗೆದಿಡಿ. ಇಮೇಲ್ ಕೂಡ ಮಾಡಿ. ವಾರಂಟಿ ಮುಗಿಯುವ ಮುಂಚೆ ತಲುಪಬೇಕು, ಅದು ಮುಖ್ಯ. ಮಧ್ಯದಲ್ಲಿ ಲ್ಯಾಪ್‌ಟಾಪ್ ವಾಪಸ್ ತರುವ ಪ್ರಸಂಗ ಬಂದರೆ, "ಸಮಸ್ಯೆ ಬಗೆಹರಿದಿದೆ" ಅನ್ನುವ ಜಾಗದಲ್ಲಿ ಸುಮ್ನೆ ಸಹಿ ಹಾಕಬೇಡಿ. ಪಕ್ಕದಲ್ಲಿ "ಮನೆಯಲ್ಲಿ ಬಳಸಿ ನೋಡಬೇಕಿದೆ" ಅಂತ ಬರೆದು ಸಹಿ ಮಾಡಿ.

15 ದಿನ ಕಳೆದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅವರು ಆದೇಶ ಹೊರಡಿಸುವವರಲ್ಲ, ಕಂಪನಿಯ ಜೊತೆ ಮಾತಾಡಿಸುವವರು. ಆದರೂ ಎಷ್ಟೋ ಸಲ ಕಂಪನಿ ಅಲ್ಲೇ ಬಗ್ಗುತ್ತದೆ. ಬಗ್ಗದಿದ್ದರೆ ಜಿಲ್ಲಾ ಆಯೋಗ. ಅದಕ್ಕೆ ಮೈಸೂರಿಗೆ ಓಡಾಡಬೇಕಿಲ್ಲ, ನೀವು ವಾಸವಿರುವ ಹಾಸನದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕಾಲಮಿತಿ 2 ವರ್ಷ. ಸರ್ವಿಸ್ ಸೆಂಟರ್, ಕಂಪನಿ, ಅಂಗಡಿ ಮೂವರನ್ನೂ ಎದುರು ಪಕ್ಷ ಮಾಡಿ. ಒಬ್ಬರನ್ನೇ ಮಾಡಿದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಶೈಲಜಾ: ವಾರಂಟಿ ಕಾರ್ಡ್ ತೆಗೆದು ಓದಿದೆ. "ಹೊಸ ಅಥವಾ ಹೊಸದಕ್ಕೆ ಸಮನಾದ" ಅಂತ ಇದೆ. ಇದಕ್ಕೆ ಏನರ್ಥ ಸರ್?

ವೆಂಕಟೇಶ್: ಅಲ್ಲೇ ಇರುವುದು ಜಗಳ. ಅವರು ಅದನ್ನು ರಿಫರ್ಬಿಷ್ಡ್ ಅಂತ ಓದುತ್ತಾರೆ. ನೀವು ಪತ್ರದಲ್ಲಿ ಹೊಸದನ್ನೇ ಕೇಳಿ, ಸ್ಪೀಡ್ ಪೋಸ್ಟ್ ನಾಳೆಯೇ ಹೋಗಲಿ. ಉತ್ತರ ಬಂದಾಗ ಇಲ್ಲೇ ಹಾಕಿ, ನೋಡೋಣ.