ಶಾಟ್‌ಗನ್‌ಗೆ ಒಂದು ಪತ್ರ, ರೈಫಲ್‌ಗೆ ಇನ್ನೊಂದು: ಇಂಗ್ಲೆಂಡಿನಲ್ಲಿ ಯಾಕೆ ಹೀಗೆ?

ಮಲೆನಾಡಿಗ: ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಮನೆ ಮಾಡಿದ್ದೇನೆ. ಪಕ್ಕದ ರೈತರು ಕಾಡುಪಾರಿವಾಳ ಹೊಡೆಯಲು ಕರೆಯುತ್ತಿದ್ದಾರೆ, ನರಿಗೆ ರೈಫಲ್ಲೇ ಬೇಕು ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಲೈಸೆನ್ಸಂತೆ, ಪಿಸ್ತೂಲಂತೂ ಕೇಳಲೇಬೇಡಿ ಅಂತಾರೆ. ಯಾಕೆ ಈ ಭೇದ? ತೆಗೆದುಕೊಂಡವರು ಅನುಭವ ಹೇಳಿ.

ತೋಟದಮನೆ: ಇದು ಸರಳ ಸರ್. ಶಾಟ್‌ಗನ್ ಅಪಾಯ ಕಡಿಮೆ, ರೈಫಲ್ ಜಾಸ್ತಿ, ಪಿಸ್ತೂಲು ಎಲ್ಲಕ್ಕಿಂತ ಜಾಸ್ತಿ. ಕಾನೂನೂ ಅದೇ ಕ್ರಮದಲ್ಲಿ ಬಿಗಿ.

ಹೊಲದಂಚು: ಬಿಗಿಯ ಕ್ರಮ ಸರಿ, ಕಾರಣ ಅದಲ್ಲ. ಹತ್ತು ಹೆಜ್ಜೆ ದೂರದಲ್ಲಿ ಶಾಟ್‌ಗನ್ ಮಾಡುವಷ್ಟು ಭೀಕರ ಗಾಯವನ್ನು ಸಣ್ಣ ರೈಫಲ್ ಮಾಡುವುದಿಲ್ಲ. ಒಂಬತ್ತು ವರ್ಷದಿಂದ ಎರಡೂ ಪತ್ರ ನನ್ನ ಹತ್ತಿರ ಇವೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಖಾಲಿ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಶಾಟ್‌ಗನ್‌ನದು ಒಳಗೆಲ್ಲ ಕನ್ನಡಿಯಂತೆ ನುಣುಪು. ರೈಫಲ್‌ನದರಲ್ಲಿ ಸುರುಳಿ ಸುತ್ತಿದ ಗೆರೆಗಳು ಕಾಣುತ್ತವೆ. ಆ ಗೆರೆಗಳು ಒಂಟಿ ಗುಂಡನ್ನು ತಿರುಗಿಸಿ ನೇರವಾಗಿ ಓಡಿಸುತ್ತವೆ. ಮೊಲಕ್ಕೆ ಬಳಸುವ .22 ಗುಂಡು ಕೂಡ ಗುರಿ ತಪ್ಪಿದರೆ ಒಂದು ಮೈಲಿ ದಾಟಬಲ್ಲದು. ಪಾರಿವಾಳಕ್ಕೆ ಹಾರಿಸುವ ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ಉದುರಿಹೋಗುತ್ತದೆ. ಆದ್ದರಿಂದ ರೈಫಲ್ ವಿಷಯದಲ್ಲಿ ಪೊಲೀಸರ ಮುಖ್ಯ ಪ್ರಶ್ನೆ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು.

ನನ್ನ ಮೊದಲ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬಂತು. ನರಿ ಹೊಡೆಯಲು ಎಂದಷ್ಟೇ ಬರೆದಿದ್ದೆ, ಯಾವ ಹೊಲ ಎಂದು ಹೇಳಿರಲಿಲ್ಲ. ಎರಡನೇ ಸಲ ರೈತರ ಒಪ್ಪಿಗೆ ಪತ್ರ, ಹೊಲದ ನಕ್ಷೆ ಎರಡನ್ನೂ ಕೊಟ್ಟೆ. ಅಧಿಕಾರಿ ಬಂದು ಬೇಲಿ, ಕಾಲುದಾರಿ, ಗುಂಡು ತಡೆಯುವ ಮಣ್ಣಿನ ದಿಬ್ಬ ಎಲ್ಲ ನೋಡಿಕೊಂಡು ಹೋದರು. ಬಂದ ಪತ್ರದಲ್ಲಿ ಪ್ರತಿ ರೈಫಲ್ಲಿನ ಅಳತೆಯ ಜತೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಂಬುದೂ ಇತ್ತು. ಶಾಟ್‌ಗನ್ ಪತ್ರದಲ್ಲಿ ಇಷ್ಟು ತಗಾದೆ ಇಲ್ಲ. ಮನುಷ್ಯನನ್ನು ಪರೀಕ್ಷಿಸುತ್ತಾರೆ, ಒಂದೊಂದು ಕೋವಿಗೂ ಕಾರಣ ಕೇಳುವುದಿಲ್ಲ. ಎರಡೂ ಐದು ವರ್ಷಕ್ಕೆ.

ಪಿಸ್ತೂಲಿನದು ಬೇರೆ ಲೆಕ್ಕ, ಅದು ಅಂಗಿಯೊಳಗೆ ಅಡಗುತ್ತದೆ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಸತ್ತದ್ದು ಲೈಸೆನ್ಸಿದ್ದ ಕೈಬಂದೂಕುಗಳಿಂದ. ಮರುವರ್ಷ ನಿಷೇಧ ಬಂತು. ಈಗ ನಳಿಗೆ 30 ಸೆಂ.ಮೀ.ಗಿಂತ ಚಿಕ್ಕದಿರಲಿ, ಒಟ್ಟು ಉದ್ದ 60 ಸೆಂ.ಮೀ.ಗಿಂತ ಕಡಿಮೆ ಇರಲಿ, ಅದು ಸಾಮಾನ್ಯವಾಗಿ ನಿಷೇಧಿತ. ಶಾಟ್‌ಗನ್ನಿನ ನಳಿಗೆ 24 ಇಂಚಿಗೆ ಕಡಿಮೆ ಇರಬಾರದು ಎಂಬುದೂ ಅದೇ ಭಯದಿಂದ: ಕತ್ತರಿಸಿದ ಕೋವಿ ಕೋಟಿನೊಳಗೆ ಹಿಡಿಯುತ್ತದೆ.

ಕಾಫಿಗಿಡ: ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುವ ಮನೆ ನಮ್ಮದು. ಆ ವಿನಾಯಿತಿ ಪತ್ರ ತೋರಿಸಿದರೆ ಅಲ್ಲಿ ನಡೆಯುತ್ತದಾ?

ಹೊಲದಂಚು: ಇಲ್ಲ ಅಣ್ಣ, ಅದು ಭಾರತದ ಆಯುಧ ಕಾಯ್ದೆಯಡಿ ಕೊಟ್ಟದ್ದು. ಇಲ್ಲಿ ಹೊಸಬರಂತೆಯೇ ಅರ್ಜಿ ಹಾಕಬೇಕು.

ಕಡಲತೀರ: ನಾನು ಪ್ಲಿಮತ್ ಹತ್ತಿರ ಇದ್ದೇನೆ. 2021ರ ಆಗಸ್ಟಿನಲ್ಲಿ ಇಲ್ಲಿ ಐವರನ್ನು ಕೊಂದದ್ದು ಪತ್ರವಿದ್ದ ಶಾಟ್‌ಗನ್. ಅದನ್ನು ಒಮ್ಮೆ ಕಿತ್ತುಕೊಂಡಿದ್ದ ಪೊಲೀಸರೇ ಹಿಂದಿರುಗಿಸಿದ್ದರು. ಆ ಬೀದಿಯಲ್ಲಿ ಹೂವಿಟ್ಟು ಬಂದವಳು ನಾನು. ಚರೆ ದೂರ ಹೋಗುವುದಿಲ್ಲ ಎಂಬ ತರ್ಕ ಹೊಲಕ್ಕೆ ಸರಿ, ಮನೆಯ ಬಾಗಿಲಲ್ಲಿ ನಿಂತವರಿಗೆ ಅದರಿಂದ ಏನು ರಕ್ಷಣೆ? ಎರಡಕ್ಕೂ ಒಂದೇ ಬಿಗಿ ಇರಬೇಕು.

ಹೊಲದಂಚು: ನಿಮ್ಮ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ ಅಕ್ಕ. ಆಮೇಲೆ ವೈದ್ಯರ ಮಾಹಿತಿ ಇಲ್ಲದೆ ಪತ್ರ ಕೊಡಬಾರದು ಎಂಬ ಸೂಚನೆ ಬಂದಿದೆ. ಆದರೆ ಪ್ರತಿ ಶಾಟ್‌ಗನ್‌ಗೂ ಕಾರಣ ಕೇಳಿದ್ದರೆ ಅದು ತಪ್ಪುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ಎಡವಿದ್ದು ಮನುಷ್ಯನನ್ನು ಅಳೆಯುವುದರಲ್ಲಿ.

ಕಡಲತೀರ: ನಾನು ಒಪ್ಪುವುದಿಲ್ಲ. ಕಾರಣ ಕೇಳುವಾಗಲೇ ಮನುಷ್ಯ ಎಂಥವನು ಎಂದು ಗೊತ್ತಾಗುವುದು.

ಮಲೆನಾಡಿಗ: ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ. ರೈತರು ತಮ್ಮ ಹಳೇ ಪಂಪ್ ಕೋವಿಯನ್ನು ನನಗೇ ಮಾರುತ್ತಾರಂತೆ. ನಳಿಗೆ ನುಣುಪು, ಉದ್ದ 28 ಇಂಚು, ಕೆಳಗಿನ ಕೊಳವೆಗೆ ಐದು ತೋಟಾ ಹಿಡಿಯುತ್ತದೆ. ಶಾಟ್‌ಗನ್ ಪತ್ರ ಸಾಕಲ್ಲವೇ?

ಹೊಲದಂಚು: ಸಾಲದು. ಆ ಪತ್ರಕ್ಕೆ ಒಳಪಡಬೇಕಾದರೆ ಬಿಚ್ಚಲಾಗದ ಕೊಳವೆಯಲ್ಲಿ ಎರಡೇ ತೋಟಾ ಇರಬೇಕು, ನಳಿಗೆಯಲ್ಲಿ ಇನ್ನೊಂದು. ಐದು ಹಿಡಿದರೆ ನಳಿಗೆ ನುಣುಪಾಗಿದ್ದರೂ ರೈಫಲ್ಲಿನ ಪತ್ರವೇ ಬೇಕು, ಕಾರಣವನ್ನೂ ತೋರಿಸಬೇಕು. ಕೊಳವೆಯನ್ನು ಕಾಯಂ ಕುಗ್ಗಿಸಿ, ಕೋವಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಪ್ರೂಫ್ ಹೌಸಿನಲ್ಲಿ ಗುರುತು ಹೊಡೆಸಿ ಪ್ರಮಾಣಪತ್ರ ಪಡೆದಿದ್ದರೆ ಮಾತ್ರ ಶಾಟ್‌ಗನ್ ಲೆಕ್ಕ. ಒಳಗೆ ಮರದ ತುಂಡು ತುರುಕಿದರೆ ನಡೆಯದು. ಆ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಮುಟ್ಟಬೇಡಿ, ಜೋಡಿ ನಳಿಗೆಯದ್ದನ್ನೇ ಕೇಳಿ.