ಅಜ್ಜಿಯ ಏಕಾದಶಿಗೆ ಈ ಮಿಕ್ಸ್ಚರ್ ಆಗುತ್ತಾ?

"ದೊಡ್ಡಮ್ಮ, ನಾಳಿದ್ದು ಏಕಾದಶಿ. ಅಜ್ಜಿಗೆ ಈ ಸಬ್ಬಕ್ಕಿ ಮಿಕ್ಸ್ಚರ್ ಕೊಡಬಹುದಾ? ಮುಂದೆ ಫಲಾಹಾರಿ ಅಂತ ಇದೆ, ಹಿಂದೆ ರಾಕ್ ಸಾಲ್ಟ್ ಅಂತಾನೂ ಇದೆ. ಎರಡೂ ಕಡೆ ಫೋಟೋ ಹಾಕಿದ್ದೀನಿ."

ಕೊಡಬೇಡ ಪುಟ್ಟಿ. ಬೇಲೂರಲ್ಲಿ ಕೂತು ಫೋಟೋ ದೊಡ್ಡದು ಮಾಡಿ ನೋಡಿದೆ, ಕನ್ನಡಕ ಹಾಕಿಕೊಂಡೇ ನೋಡಿದೆ. ಯಾಕೆ ಬೇಡ ಅಂತ ಹೇಳುತ್ತೇನೆ. ಮೆಸೇಜು ಉದ್ದ ಆಗುತ್ತೆ, ಬೈಕೋಬೇಡ.

ಮೊದಲು ಅಜ್ಜಿಯ ಲೆಕ್ಕ ಏನು ಅಂತ ತಿಳಿದುಕೋ. ನಮ್ಮ ಓರಗಿತ್ತಿ ತವರಿನಲ್ಲಿ ಏಕಾದಶಿ ದಿನ ಅನ್ನ ಮಾತ್ರ ಇಲ್ಲ. ಅವಲಕ್ಕಿ, ರವೆ ಉಪ್ಪಿಟ್ಟು ಎಲ್ಲಾ ನಡೆಯುತ್ತೆ. ಅವರ ಪದ್ಧತಿ ಅವರದ್ದು. ಆದರೆ ಅಜ್ಜಿ ಧಾನ್ಯವನ್ನೇ ಮುಟ್ಟುವುದಿಲ್ಲ. ಅಕ್ಕಿ, ಗೋಧಿ, ರಾಗಿ, ಜೋಳ ಯಾವುದೂ ಇಲ್ಲ, ಬೇಳೆಕಾಳೂ ಇಲ್ಲ. ಅವಲಕ್ಕಿಯೂ ಅಕ್ಕಿಯೇ ಅಲ್ವಾ? ರವೆ ಗೋಧಿಯದ್ದು. ಉಪ್ಪು ಸೈಂಧವ ಲವಣ ಒಂದೇ. ಸಬ್ಬಕ್ಕಿ ಹೆಸರಲ್ಲಿ ಅಕ್ಕಿ ಇದ್ದರೂ ಅದು ಮರಗೆಣಸಿನ ಹಿಟ್ಟಿನಿಂದ ಮಾಡಿದ್ದು, ಹಾಗಾಗಿ ಅದು ಆಗುತ್ತೆ. ಕಡಲೆಬೀಜವನ್ನೂ ಅವರು ಕಾಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ನಿನ್ನ ಪ್ಯಾಕೆಟ್ಟು. ಹಸಿರು ಚುಕ್ಕಿ ಇದೆ ಅಂತ ಸಮಾಧಾನ ಮಾಡಿಕೋಬೇಡ. ಅದು ಸಸ್ಯಾಹಾರ ಅನ್ನುವುದನ್ನು ಮಾತ್ರ ಹೇಳುತ್ತೆ. ಉಪವಾಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಿಂದಿನ ಪಟ್ಟಿ ಓದು. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆದಿರುತ್ತಾರೆ. ಆಲೂಗಡ್ಡೆ, ಪಾಮ್ ಎಣ್ಣೆ, ಸಬ್ಬಕ್ಕಿ, ಕಡಲೆಬೀಜ, ಸಕ್ಕರೆ. ಇಲ್ಲಿವರೆಗೂ ತಕರಾರಿಲ್ಲ. ಆಮೇಲೆ 'ಎಡಿಬಲ್ ಸ್ಟಾರ್ಚ್' ಅಂತಿದೆ ನೋಡು. ಯಾವುದರ ಸ್ಟಾರ್ಚ್ ಅಂತ ಬರೆದಿಲ್ಲ. ಮರಗೆಣಸಿನದ್ದೂ ಇರಬಹುದು, ಮೆಕ್ಕೆಜೋಳದ್ದೂ ಇರಬಹುದು. ಮೆಕ್ಕೆಜೋಳ ಆದರೆ ಧಾನ್ಯ ಆಯ್ತಲ್ಲ. ಅಲ್ಲೇ ನನಗೆ ಅನುಮಾನ ಶುರುವಾಯ್ತು.

ಅದಕ್ಕಿಂತ ದೊಡ್ಡ ಕಳ್ಳ ಇಂಗು. ನಾವು ಅಂಗಡಿಯಿಂದ ತರುವ ಇಂಗಿನ ಪುಡಿ ಬರೀ ಇಂಗಲ್ಲ. ಅದು ಕೂಟಿಂಗು. ಅಪ್ಪಟ ಇಂಗಿಗೆ ಘಾಟು ಜಾಸ್ತಿ, ಅಂಟಂಟು ಬೇರೆ. ಅದಕ್ಕೇ ಗೋಂದು ಮತ್ತು ಮೈದಾನೋ ಅಕ್ಕಿ ಹಿಟ್ಟೋ ಬೆರೆಸಿರುತ್ತಾರೆ. ನಿನ್ನ ಅಡುಗೆಮನೆ ಡಬ್ಬಿ ತಿರುಗಿಸಿ ನೋಡು, ಅಲ್ಲೇ ಬರೆದಿರುತ್ತೆ. ಆದರೆ ಮಿಕ್ಸ್ಚರ್ ಪ್ಯಾಕೆಟ್ಟಿನ ಮೇಲೆ ಬರೀ 'ಇಂಗು' ಅಂತಿದೆ, ಗೋಧಿ ಸುದ್ದಿಯೇ ಇಲ್ಲ. ಮೋಸ ಅಂತಲ್ಲ, ನಿಯಮವೇ ಹಾಗಿದೆ. ನಾಲ್ಕಾರು ವಸ್ತು ಬೆರೆಸಿ ಮಾಡಿದ ಪದಾರ್ಥ ಇಡೀ ತಿಂಡಿಯಲ್ಲಿ ನೂರಕ್ಕೆ 5 ಭಾಗಕ್ಕಿಂತ ಕಡಿಮೆ ಇದ್ದರೆ, ಅದರೊಳಗೆ ಏನೇನಿದೆ ಅಂತ ಬಿಡಿಸಿ ಬರೆಯಲೇಬೇಕು ಅಂತಿಲ್ಲ. ಇಂಗು ಎಷ್ಟು ಬೀಳುತ್ತೆ ಹೇಳು? ಚಿಟಿಕೆ.

ಹಾಗಾದರೆ ಗೊತ್ತಾಗುವುದು ಹೇಗೆ? ಪಟ್ಟಿ ಮುಗಿದ ಮೇಲೆ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಇದೆ. ಅಲರ್ಜಿ ಇರುವವರಿಗೆ ಅಂತ ಹಾಕುವ ಸಾಲು ಅದು. 'ಕಂಟೇನ್ಸ್ ಪೀನಟ್, ವೀಟ್' ಅಂತಿದೆ, ಓದಿದೆಯಾ? ಮೇಲಿನ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಗೋಧಿ ಇಲ್ಲಿ ಸಿಕ್ಕಿಬಿತ್ತು. ನಾನು ಈಗ ಉಪವಾಸದ ಪ್ಯಾಕೆಟ್ ತೆಗೆದುಕೊಂಡರೆ ಮೊದಲು ನೋಡುವುದೇ ಈ ಸಾಲು. ಇನ್ನು ಕೆಲವು ಪ್ಯಾಕೆಟ್ಟಿನಲ್ಲಿ 'ಮೇ ಕಂಟೇನ್' ಅಂತ ಇರುತ್ತೆ. ಅದರ ಅರ್ಥ ಬೇರೆ. ಒಳಗೆ ಗೋಧಿ ಹಾಕಿಲ್ಲ, ಅದೇ ಕಾರ್ಖಾನೆಯಲ್ಲಿ ಗೋಧಿ ತಿಂಡಿನೂ ಮಾಡುತ್ತಾರೆ, ಸ್ವಲ್ಪ ತಾಗಿರಬಹುದು ಅಂತ. ಅದನ್ನು ತಿನ್ನುವವರಿದ್ದಾರೆ. ಅಜ್ಜಿ ತಿನ್ನುವುದಿಲ್ಲ.

ಹಾಗಂತ ಹಾಟ್ ಚಿಪ್ಸ್ ಅಂಗಡಿಗೆ ಓಡಬೇಡ. ಹೋದ ವರ್ಷ ನಾನೇ ಬೇಸ್ತು ಬಿದ್ದೆ. ಬರೀ ಹಾಸನದ ಆಲೂಗಡ್ಡೆ, ಎಣ್ಣೆ, ಉಪ್ಪು, ಇದರಲ್ಲಿ ಏನು ತಪ್ಪು ಅಂತ ಕಾಲು ಕೆ.ಜಿ. ಚಿಪ್ಸ್ ಕಟ್ಟಿಸಿದೆ. ದುಡ್ಡು ಕೊಟ್ಟು ತಿರುಗಿದರೆ ಅದೇ ಬಾಣಲೆಗೆ ಕೋಡುಬಳೆ ಬಿಡುತ್ತಿದ್ದಾನೆ! ಜಾಲರಿ ತುಂಬಾ ಅಕ್ಕಿ ಹಿಟ್ಟಿನ ಚೂರು. ಅಜ್ಜಿಗೆ ಹೇಳಲೋ ಬೇಡವೋ ಅಂತ ಒದ್ದಾಡಿ, ಕೊನೆಗೆ ನಾವೇ ತಿಂದು ಮುಗಿಸಿದೆವು.

ಇನ್ನು ಉಪ್ಪು. ರಾಕ್ ಸಾಲ್ಟ್ ಇದೆ ಅಂದೆಯಲ್ಲ, ಇದೆ. ಆದರೆ ಎರಡು ಪದ ಮುಂದೆ ಹೋಗು, 'ಅಯೋಡೈಸ್ಡ್ ಸಾಲ್ಟ್' ಕೂಡ ಇದೆ. ಸೈಂಧವ ಸ್ವಲ್ಪ, ಮಾಮೂಲಿ ಉಪ್ಪು ಸ್ವಲ್ಪ ಹಾಕಿದ್ದಾರೆ. ಒಂದು ಕಂಡ ತಕ್ಷಣ ನಿಲ್ಲಿಸಬಾರದು.

ಅಂಗಡಿಯಲ್ಲೂ ಹುಷಾರು. ರಾಕ್ ಸಾಲ್ಟ್ ಕೊಡಿ ಅಂದರೆ ಎಷ್ಟೋ ಜನ ಕಲ್ಲುಪ್ಪು ಕೊಡುತ್ತಾರೆ. ಕಲ್ಲುಪ್ಪು ಸಮುದ್ರದ ನೀರು ಒಣಗಿಸಿ ಮಾಡಿದ ಹರಳು. ಸೈಂಧವ ಗಣಿಯಿಂದ ಅಗೆದು ತೆಗೆದದ್ದು. ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದಾಗ ಗ್ರಂಧಿಗೆ ಅಂಗಡಿಯಲ್ಲಿ ಸೈಂಧವ ಲವಣ ಅಂತಲೇ ಕೇಳು, ಇಲ್ಲಾ ಇಂದುಪ್ಪು ಅನ್ನು. ಪುಡಿ ಬೇಡ, ಗಟ್ಟಿ ತಗೋ. ಪುಡಿ ಆದರೆ ಯಾವುದು ಏನು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಸೈಂಧವದ ಗಟ್ಟಿ ಬೆಳಕಿಗೆ ಹಿಡಿದರೆ ಸ್ವಲ್ಪ ಬೆಳಕು ಹಾಯುತ್ತೆ, ಅಲ್ಲಲ್ಲಿ ತಿಳಿಗುಲಾಬಿ ಬಣ್ಣ ಇರುತ್ತೆ. ಕಲ್ಲುಪ್ಪು ಸಣ್ಣ ಸಣ್ಣ ಬಿಳಿ ಹರಳು, ಈ ಮಳೆಗಾಲದಲ್ಲಿ ಕೈಗೆ ತೇವ ತಾಗುತ್ತೆ. ಮೂಸಿದರೆ ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಕರಿ ಉಪ್ಪು, ಚಾಟ್‌ಗೆ ಹಾಕುತ್ತಾರಲ್ಲ ಅದು. ನಮಗೆ ಬೇಡ.

ಇನ್ನೊಂದು. ಸೈಂಧವ ಆದರೆ ಬಿ.ಪಿ.ಗೆ ಏನೂ ಆಗಲ್ಲ ಅಂತ ಅಜ್ಜಿ ಕೈಬಿಚ್ಚಿ ಹಾಕಿಕೊಳ್ಳುತ್ತಾರೆ. ಸುಮ್ನೆ ಮಾತು. ಸೋಡಿಯಂ ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಅಯೋಡಿನ್ ಬೇರೆ ಬೆರೆಸಿರುವುದಿಲ್ಲ. ಏಕಾದಶಿಗೆ ಸರಿ, ದಿನದ ಅಡುಗೆಗೆ ಅದನ್ನೇ ಮಾಡಿಕೋಬೇಡಿ.

ನಾಳಿದ್ದಿಗೆ ಸಬ್ಬಕ್ಕಿ ಉಪ್ಪಿಟ್ಟೇ ಮಾಡಿಬಿಡು. ಒಂದು ಲೋಟ ಸಬ್ಬಕ್ಕಿ ಎರಡು ಸಲ ತೊಳೆದು, ಕಾಳು ಮುಳುಗುವಷ್ಟೇ ನೀರು ಹಾಕಿ ನಾಲ್ಕೈದು ಗಂಟೆ ಇಡು. ನೀರು ಜಾಸ್ತಿ ಆದರೆ ಅಂಟು ಮುದ್ದೆ ಆಗುತ್ತೆ. ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ ಸಿಗಬಾರದು. ತುಪ್ಪಕ್ಕೆ ಜೀರಿಗೆ, ಹಸಿಮೆಣಸಿನಕಾಯಿ, ಬೇಯಿಸಿದ ಒಂದು ಆಲೂಗಡ್ಡೆ, ಆಮೇಲೆ ಸಬ್ಬಕ್ಕಿ, ಕಾಲು ಲೋಟ ಹುರಿದ ಕಡಲೆಬೀಜದ ತರಿ, ಕುಟ್ಟಿದ ಸೈಂಧವ. ಕಾಳು ಗಾಜಿನ ಹಾಗೆ ಆದ ತಕ್ಷಣ ಇಳಿಸಿ ನಿಂಬೆಹಣ್ಣು ಹಿಂಡು. ಒಗ್ಗರಣೆ ಹಾಕುವಾಗ ಮಾತ್ರ ಕೈ ನೋಡಿಕೋ. ದಿನಾ ಮಾಡಿದ ಅಭ್ಯಾಸಕ್ಕೆ ಅದು ತಾನಾಗೇ ಉದ್ದಿನಬೇಳೆಗೆ ಹೋಗುತ್ತೆ. ನಾನು ಆವತ್ತು ಒಗ್ಗರಣೆ ಡಬ್ಬಿಯನ್ನೇ ಕಪಾಟಿಗೆ ಹಾಕಿ, ಜೀರಿಗೆ ಮಾತ್ರ ಒಂದು ಬಟ್ಟಲಿಗೆ ತೆಗೆದಿಟ್ಟುಕೊಳ್ಳುತ್ತೇನೆ. ಇಂಗೂ ಬೇಡ.

ಮಿಕ್ಸ್ಚರ್ ಪ್ಯಾಕೆಟ್ ಇನ್ನೂ ಒಡೆದಿಲ್ಲ ತಾನೇ? ಇಟ್ಟಿರು, ಶನಿವಾರ ನಾವು ಬಂದಾಗ ಕಾಫಿ ಜೊತೆಗೆ ಆಗುತ್ತೆ.