ಓದುಗರ ಸ್ಪಂದನ: ‘ಮಾಲೀಕನಾಗಿದ್ದೆ’ ಅಂತ ಬರೆದರೆ ಸಂದರ್ಶನಕ್ಕೇ ಕರೆಯುತ್ತಿಲ್ಲ

(9 ವರ್ಷ ನಡೆಸಿದ ಮುದ್ರಣ ಘಟಕವನ್ನು ಮುಚ್ಚಿ, ಖರೀದಿ ವಿಭಾಗದ ಕೆಲಸ ಹುಡುಕುತ್ತಿರುವ ಓದುಗರ ಪತ್ರಕ್ಕೆ ಬಂದ ಉತ್ತರಗಳು)

ಸರ್, ಕೆಲಸಕ್ಕೆ ಜನರನ್ನು ಆರಿಸುವುದೇ ನನ್ನ ಕೆಲಸ. ನಿಮ್ಮ ರೆಸ್ಯೂಮೆಯ ಸಮ್ಮರಿ ‘ಸ್ವಂತ ಘಟಕದ ಮಾಲೀಕ, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ’ ಅಂತ ಶುರುವಾಗುತ್ತದೆ. ಓದಿದ ಕೂಡಲೇ ನನಗೆ ಅನುಮಾನ ಬರುತ್ತದೆ. ಇವರು ಇನ್ನೊಬ್ಬರ ಕೈಕೆಳಗೆ ದುಡಿಯುತ್ತಾರಾ? ಆರು ತಿಂಗಳಲ್ಲಿ ಮತ್ತೆ ಸ್ವಂತದ್ದು ಶುರು ಮಾಡಿ ಹೊರಡುತ್ತಾರಾ? ‘ಎಲ್ಲವನ್ನೂ’ ಅಂದರೆ ಖರೀದಿ ಎಷ್ಟು ಗೊತ್ತು ಅಂತಲೂ ತಿಳಿಯುವುದಿಲ್ಲ.

ಮೊದಲ ಸಾಲಿನಲ್ಲಿ ನೀವು ಕೇಳುತ್ತಿರುವ ಕೆಲಸದ ಹೆಸರು ಬರಲಿ, ಮಾಲೀಕತ್ವ ಆಮೇಲೆ. ನಿಮ್ಮ ಪತ್ರದಲ್ಲಿದ್ದ ಅಂಕಿಗಳನ್ನೇ ಇಟ್ಟು ಬರೆದಿದ್ದೇನೆ, ನೋಡಿ:

“ಖರೀದಿ ಮತ್ತು ದಾಸ್ತಾನು ನಿರ್ವಹಣೆಯಲ್ಲಿ 9 ವರ್ಷದ ಅನುಭವ. 7 ಜನರ ಸ್ವಂತ ಮುದ್ರಣ ಘಟಕಕ್ಕೆ 5 ಪೂರೈಕೆದಾರರಿಂದ ಕಾಗದ, ಶಾಯಿ ಖರೀದಿಸಿ, ದರ ಮಾತಾಡಿ, ಪಾವತಿಯ ಗಡುವು ನಿಭಾಯಿಸಿದ್ದೇನೆ. ಪ್ರತಿ ವಾರ ದಾಸ್ತಾನು ಎಣಿಸುವ ಪದ್ಧತಿ ತಂದ ಮೇಲೆ, ಕಾಗದ ಸಾಲದೆ ತಡವಾಗುತ್ತಿದ್ದ ಆರ್ಡರ್‌ಗಳು 100ಕ್ಕೆ 20ರಿಂದ 6ಕ್ಕೆ ಇಳಿದವು. ಈಗ ಖರೀದಿಯೊಂದರಲ್ಲೇ, ತಂಡದ ಭಾಗವಾಗಿ ದುಡಿಯುವ ಉದ್ದೇಶವಿದೆ.”

ಕೊನೆಯ ಸಾಲು ಸಣ್ಣದು. ಆದರೆ ನನ್ನ ಅನುಮಾನಕ್ಕೆ ಉತ್ತರ ಅಲ್ಲೇ ಇದೆ. ಘಟಕ ಯಾಕೆ ಮುಚ್ಚಿತು ಅನ್ನೋದು ಸಮ್ಮರಿಯಲ್ಲಿ ಬೇಡ, ಎದುರಿಗೆ ಕೂತಾಗ ಹೇಳಿದರೆ ಸಾಕು.
— ನೇಮಕಾತಿ ವಿಭಾಗದ ಓದುಗ

ಮೇಲಿನವರು ಬರೆದ 20, 6 ಎಲ್ಲಿಂದ ಬಂತು ಅಂತ ಸಂದರ್ಶನದಲ್ಲಿ ಖಂಡಿತ ಕೇಳ್ತಾರೆ. ನನಗೂ ಹಾಗೇ ಆಯ್ತು. ಅಂಗಡಿ ಮುಚ್ಚಿ ಕೆಲಸಕ್ಕೆ ಹೊರಟಾಗ ‘ಮಾರಾಟ ದುಪ್ಪಟ್ಟು ಮಾಡಿದೆ’ ಅಂತ ಬರೆದುಕೊಂಡಿದ್ದೆ. ಯಾವ ವರ್ಷಕ್ಕೆ ಹೋಲಿಸಿದರೆ ಅಂತ ಕೇಳಿದರು. ಮೊದಲ ವರ್ಷಕ್ಕೆ! ಆ ವರ್ಷ ಅಂಗಡಿ ತೆರೆದಿದ್ದೇ ನಾಲ್ಕು ತಿಂಗಳು. ಎದುರಿಗಿದ್ದವರು ನಕ್ಕರು, ನಾನು ಬೆವರಿದೆ.

ಆಮೇಲೆ ಹಳೆಯ ಲೆಡ್ಜರ್ ತೆಗೆದು ಕೂತೆ. ಗಿರಾಕಿಗಳಿಂದ ಹಣ ವಾಪಸ್ ಬರಲು ಸರಾಸರಿ 70 ದಿನ ಹಿಡಿಯುತ್ತಿದ್ದದ್ದು, ಬಿಲ್ ಅನ್ನು ಸರಕಿನ ಜೊತೆಗೇ ಕಳಿಸಿ ವಾರಕ್ಕೊಮ್ಮೆ ಫೋನ್ ಮಾಡಲು ಶುರು ಮಾಡಿದ ಮೇಲೆ 45 ದಿನಕ್ಕೆ ಇಳಿದಿತ್ತು. ನಾನು ಅದನ್ನು ಸಾಧನೆ ಅಂತ ಅಂದುಕೊಂಡೇ ಇರಲಿಲ್ಲ. ಲೆಕ್ಕಪತ್ರ ವಿಭಾಗದ ಕೆಲಸ ಸಿಕ್ಕಿದ್ದು ಆ ಒಂದು ಸಾಲಿನಿಂದ. ಅದೇ ಸಾಲು ನಿಮ್ಮ ಖರೀದಿ ಅರ್ಜಿಯಲ್ಲಿ ಸುಮ್ನೆ ಜಾಗ ತಿನ್ನುತ್ತದೆ. ನೀವು ಖರೀದಿ ಬಿಲ್, ದಾಸ್ತಾನು ಪುಸ್ತಕ, ಡೆಲಿವರಿ ಚಲನ್ ತೆಗೆದು ನೋಡಿ. ಪುಸ್ತಕದಲ್ಲಿ ಇಲ್ಲದ ಅಂಕಿ ಬರೀಬೇಡಿ.
— ಹಿಂದೆ ಅಂಗಡಿ ನಡೆಸುತ್ತಿದ್ದ ಓದುಗಿ

ಒಂದೇ ಮಾತು ಸೇರಿಸುತ್ತೇನೆ. ಹುದ್ದೆಯ ಹೆಸರು ಬರೆಯುವಾಗ, ಏಳು ಜನರ ಘಟಕಕ್ಕೆ ‘ಸಂಸ್ಥಾಪಕ ಮತ್ತು ಸಿಇಒ’ ಅಂತ ಹಾಕಿದರೆ ಜಾಸ್ತಿ ಆಯ್ತು, ಅಲ್ವಾ? ಹಾಗಂತ ಮಾಲೀಕತ್ವ ಮುಚ್ಚಿಡಲೂ ಬೇಡಿ, ಹಿನ್ನೆಲೆ ಪರಿಶೀಲನೆಯಲ್ಲಿ ಹೊರಬಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. ‘ಮಾಲೀಕ, ಖರೀದಿ ಮತ್ತು ಉತ್ಪಾದನೆ’ ಅಂತ ಬರೆದರೆ ಆಯ್ತು.
— ಇನ್ನೊಬ್ಬ ಓದುಗ